ಮೆಸ್ ಟೈಮ್, ಗೇಟ್ ಟೈಮ್ ಬದಲಾದಾಗ: ವಾರ್ಡನ್ ಶೆಡ್ಯೂಲ್ ಮಾಡಿಟ್ಟ ಮೆಸೇಜ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ನಾನು ವಾರ್ಡನ್. ನಮ್ಮಲ್ಲಿ 180 ಹುಡುಗಿಯರಿದ್ದಾರೆ. ಪರೀಕ್ಷೆ ಬಂದಾಗಲೆಲ್ಲ ಮೆಸ್ ಸಮಯ ಬದಲಾಗುತ್ತದೆ, ಅದರ ಜೊತೆ ಗೇಟ್ ಸಮಯವೂ ಬದಲಾಗುತ್ತದೆ. ಪ್ರತಿ ಸಲ ನಾನು ಒಂದು ಮೆಸೇಜ್ ಬರೆದು, ಇಂಥ ಹೊತ್ತಿಗೆ ಹೋಗಲಿ ಅಂತ ಶೆಡ್ಯೂಲ್ ಮಾಡಿಡುತ್ತೇನೆ. ಪ್ರತಿ ಸಲ ಅವೇ ಪ್ರಶ್ನೆಗಳು ಬರುತ್ತವೆ. ಹುಡುಗಿಯರು ಮೆಟ್ಟಿಲ ಮೇಲೆ ಹಿಡಿದು ಕೇಳುತ್ತಾರೆ, ಅಪ್ಪಂದಿರು ಫೋನ್ ಮಾಡುತ್ತಾರೆ, ಬೇರೆ ಹಾಸ್ಟೆಲ್‌ಗಳ ವಾರ್ಡನ್‌ಗಳು "ನೀವು ಹೇಗ್ರಿ ಮಾಡ್ತೀರಿ?" ಅಂತ ವಿಚಾರಿಸುತ್ತಾರೆ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗೆ 2025ರ ಡಿಸೆಂಬರ್ ಪರೀಕ್ಷೆಯ ಮೆಸೇಜನ್ನೇ ಇಟ್ಟುಕೊಂಡಿದ್ದೇನೆ.

## ಮೊದಲು ಸರಳವಾದವು

"ಮೇಡಂ, ಮೆಸೇಜ್‌ನಲ್ಲಿ 'ನಾಳೆಯಿಂದ' ಅಂತಿದೆ. ಅದು ಯಾವ ನಾಳೆ?"

ಈ ಪ್ರಶ್ನೆಗೆ ಕಾರಣ ನಾನೇ. ಒಂದು ವರ್ಷ ಭಾನುವಾರ ರಾತ್ರಿ ಹತ್ತೂವರೆಗೆ ಕೂತು ಮೆಸೇಜ್ ಬರೆದೆ. ಸೋಮವಾರದಿಂದ ಪರೀಕ್ಷೆ. "ನಾಳೆಯಿಂದ ನಾಷ್ಟಾ ಏಳು ಗಂಟೆಗೆ" ಅಂತ ಬರೆದೆ. ಅಷ್ಟು ಹೊತ್ತಿನಲ್ಲಿ ಓದುತ್ತಿರುವವರ ಫೋನ್ ಯಾಕೆ ಕುಂಯ್ ಅನ್ನಿಸಬೇಕು ಅಂತ, ಸೋಮವಾರ ಬೆಳಿಗ್ಗೆ ಐದೂವರೆಗೆ ಹೋಗುವಂತೆ ಶೆಡ್ಯೂಲ್ ಮಾಡಿ ಮಲಗಿದೆ. ಮೆಸೇಜ್ ಸರಿಯಾಗಿ ಐದೂವರೆಗೇ ಹೋಯಿತು. ಹುಡುಗಿಯರು ಎದ್ದು ಓದಿದರು. ಅವರ ಲೆಕ್ಕದಲ್ಲಿ "ನಾಳೆ" ಅಂದರೆ ಮಂಗಳವಾರ.

ಅಡುಗೆಯಕ್ಕ ನಸುಕಿನಲ್ಲಿ ಎದ್ದು ಹನ್ನೆರಡು ಕಿಲೋ ರವೆಯ ಉಪ್ಪಿಟ್ಟು ಮಾಡಿ ಏಳಕ್ಕೆ ಸರಿಯಾಗಿ ಪಾತ್ರೆ ಇಟ್ಟಿದ್ದರು. ಏಳೂವರೆಯಾದರೂ ಬಂದವರು ಹದಿನೈದು ಮಂದಿ. ಉಪ್ಪಿಟ್ಟು ಮೇಲೆ ಪದರ ಕಟ್ಟಿ, ಸೌಟು ಹಾಕಿದರೆ ಗಡ್ಡೆಯಾಗಿ ಏಳುತ್ತಿತ್ತು. ಎಂಟು ಗಂಟೆಗೆ, ಹಳೇ ಟೈಮಿಗೆ, ಎಲ್ಲರೂ ಒಂದೇ ಸಲ ಇಳಿದು ಬಂದರು. ಎಂಟೂವರೆಗೆ ಮೆಸ್ ಮುಚ್ಚುವ ಹೊತ್ತಿಗೆ ಸಾಲು ಕೈತೊಳೆಯುವ ನಲ್ಲಿಯನ್ನೂ ದಾಟಿತ್ತು. ಒಂಬತ್ತೂವರೆಗೆ ಪರೀಕ್ಷೆ. ಅರ್ಧದಷ್ಟು ಜನ ನಿಂತೇ ತಿಂದರು, ಕೆಲವರು ತಟ್ಟೆ ಇಟ್ಟು ಹಾಗೇ ಓಡಿದರು.

ಅವತ್ತಿಗೆ ಒಂದು ವಿಷಯ ಗೊತ್ತಾಯಿತು. ಶೆಡ್ಯೂಲ್ ಮಾಡಿದ ಮೆಸೇಜ್‌ಗೆ ಎರಡು ಹೊತ್ತುಗಳಿರುತ್ತವೆ, ನಾನು ಬರೆದ ಹೊತ್ತು ಒಂದು, ಅವರು ಓದುವ ಹೊತ್ತು ಇನ್ನೊಂದು. ನಾಳೆ, ನಾಡಿದ್ದು, ಇವತ್ತು ರಾತ್ರಿ, ಈ ವಾರ ಅನ್ನುವ ಮಾತೆಲ್ಲ ಆ ಎರಡರ ನಡುವೆ ಅರ್ಥ ಬದಲಿಸಿಬಿಡುತ್ತವೆ. ಈಗ ನಾನು ಬರೆಯುವುದು "ಡಿಸೆಂಬರ್ 1, ಸೋಮವಾರ" ಅಂತಲೇ. ತಾರೀಕಿನ ಜೊತೆ ವಾರವನ್ನೂ ಹಾಕುತ್ತೇನೆ. ಎರಡರಲ್ಲಿ ಒಂದು ತಪ್ಪಾಗಿದ್ದರೆ ಯಾರಾದರೂ ಒಬ್ಬಳು "ಮೇಡಂ, ಒಂದನೇ ತಾರೀಕು ಸೋಮವಾರ ಅಲ್ಲ" ಅಂತ ಹಿಡಿದೇ ಹಿಡಿಯುತ್ತಾಳೆ.

"ಒಂದು ಗಂಟೆ ಮುಂದಕ್ಕೆ ಅಂದ್ರೆ ಬೇಗನಾ, ತಡಾನಾ?"

ಒಳ್ಳೆಯ ಪ್ರಶ್ನೆ, ಯಾಕಂದ್ರೆ ಎರಡೂ ಹೌದು. "ಪರೀಕ್ಷೆ ಮುಂದಕ್ಕೆ ಹೋಯ್ತು" ಅಂದರೆ ತಡ ಆಯಿತು ಅಂತ ಎಲ್ಲರಿಗೂ ಗೊತ್ತು. ಆದರೆ "ಗಡಿಯಾರ ಹತ್ತು ನಿಮಿಷ ಮುಂದಿದೆ" ಅಂದಾಗ ಹೊರಡುವವರು ಹತ್ತು ನಿಮಿಷ ಬೇಗ ಹೊರಟುಬಿಡುತ್ತಾರೆ. "ಹಿಂದಕ್ಕೆ" ಅನ್ನುವುದರ ಕಥೆಯೂ ಇದೇ. ಗೇಟ್ ಒಂದು ಗಂಟೆ ಮುಂದಕ್ಕೆ ಹಾಕಿದೆ ಅಂತ ಬರೆದರೆ ಅರ್ಧ ಹಾಸ್ಟೆಲ್ ಎಂಟೂವರೆ ಅಂದುಕೊಳ್ಳುತ್ತದೆ, ಉಳಿದರ್ಧ ಆರೂವರೆ ಅಂದುಕೊಂಡು ನನ್ನ ಮೇಲೆ ಸಿಟ್ಟಾಗುತ್ತದೆ.

ಆದ್ದರಿಂದ ವ್ಯತ್ಯಾಸ ಬರೆಯುವುದೇ ಬೇಡ, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಬರೆದುಬಿಡಿ. ಡಿಸೆಂಬರ್‌ನಲ್ಲಿ ಕಳಿಸಿದ್ದು ಹೀಗಿತ್ತು:

> ಪರೀಕ್ಷೆ ಮುಗಿಯುವವರೆಗೆ ಮೆಸ್ ಮತ್ತು ಗೇಟ್ ಸಮಯ ಬದಲು.
> ಡಿಸೆಂಬರ್ 1, ಸೋಮವಾರ ಬೆಳಿಗ್ಗೆಯಿಂದ ಡಿಸೆಂಬರ್ 20, ಶನಿವಾರ ರಾತ್ರಿವರೆಗೆ.
>
> ನಾಷ್ಟಾ: ಬೆಳಿಗ್ಗೆ 7:00 ರಿಂದ 8:30 (ಮೊದಲು 8:00 ರಿಂದ 9:15)
> ಮಧ್ಯಾಹ್ನದ ಊಟ: 12:30 ರಿಂದ 2:00 (ಮೊದಲು 1:00 ರಿಂದ 2:15)
> ರಾತ್ರಿ ಊಟ: 8:00 ರಿಂದ 9:30 (ಮೊದಲು 7:30 ರಿಂದ 8:45)
> ಗೇಟ್ ಮುಚ್ಚುವುದು: ರಾತ್ರಿ 8:30 (ಮೊದಲು 7:30)
>
> ಮಧ್ಯಾಹ್ನ 2ರ ಪರೀಕ್ಷೆ ಇರುವವರು 12:30ಕ್ಕೇ ಊಟಕ್ಕೆ ಬನ್ನಿ. ತಡವಾಗುವುದಾದರೆ ರಾತ್ರಿ 8ರ ಒಳಗೆ ಗೇಟ್ ನಂಬರಿಗೆ ಫೋನ್ ಮಾಡಿ.

ಇಷ್ಟೇ. "ಆತ್ಮೀಯ ವಿದ್ಯಾರ್ಥಿನಿಯರೇ" ಇಲ್ಲ, "ಎಲ್ಲರೂ ಸಹಕರಿಸಬೇಕಾಗಿ ವಿನಂತಿ" ಇಲ್ಲ. ಫೋನ್ ಲಾಕ್ ಇದ್ದಾಗ ಪರದೆಯ ಮೇಲೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಅಲ್ಲಿ ಆತ್ಮೀಯತೆ ಕೂತರೆ ತಾರೀಕಿಗೆ ಜಾಗ ಇರುವುದಿಲ್ಲ.

"ಗೇಟ್ ಎಂಟೂವರೆ ಅಂದ್ರೆ ಎಂಟು ಮೂವತ್ತೊಂದಕ್ಕೆ ಬಂದ್ರೆ ಹೊರಗೇನಾ?"

ಹೊರಗೆ ಯಾರನ್ನೂ ನಿಲ್ಲಿಸುವುದಿಲ್ಲ. ಗೇಟ್ ಮುಚ್ಚುವುದು ಅಂದರೆ ದೊಡ್ಡ ಗೇಟಿಗೆ ಬೀಗ ಬಿತ್ತು, ಆಮೇಲೆ ಬಂದವರು ಪಕ್ಕದ ಚಿಕ್ಕ ಬಾಗಿಲಿನಲ್ಲಿ ಬಂದು ರಿಜಿಸ್ಟರ್‌ನಲ್ಲಿ ಹೆಸರು, ಹೊತ್ತು, ಕಾರಣ ಬರೆಯಬೇಕು ಅಂತ. ಕತ್ತಲಲ್ಲಿ ಒಂದು ಹುಡುಗಿಯನ್ನು ರಸ್ತೆಗೆ ವಾಪಸ್ ಕಳಿಸುವ ಗೇಟ್ ಯಾವ ಸುರಕ್ಷತೆಗೆ, ಹೇಳಿ?

ನಿಜವಾದ ತಂಟೆ ಗಡಿಯಾರದ್ದು. ನಮ್ಮ ವಾಚ್‌ಮನ್ ಕಾಕಾನ ಕೋಣೆಯ ಗೋಡೆ ಗಡಿಯಾರ ಏಳು ನಿಮಿಷ ಮುಂದಿತ್ತು. ಕಾಕಾ ಅದನ್ನು ನೋಡಿ ಬೀಗ ಹಾಕುತ್ತಿದ್ದರು, ಹುಡುಗಿಯರು ಫೋನ್ ತೋರಿಸಿ "ಕಾಕಾ, ಇನ್ನೂ ಎಂಟೂ ಇಪ್ಪತ್ನಾಲ್ಕು ನೋಡ್ರಿ" ಅಂತಿದ್ದರು. ದಿನಾ ಇದೇ ಜಗಳ. ರಿಜಿಸ್ಟರ್ ತಿರುವಿ ನೋಡಿದರೆ ತಡವಾದವರಲ್ಲಿ ಬಹಳ ಮಂದಿ ಆ ಗಡಿಯಾರದ ಲೆಕ್ಕದಲ್ಲಿ 8:31ರಿಂದ 8:37ರ ನಡುವಿನವರೇ. ಅವರು ತಡವಾಗಿ ಬಂದವರೇ ಅಲ್ಲ. ಈಗ ಸಮಯ ಬದಲಾಗುವ ಹಿಂದಿನ ದಿನ ಆ ಗಡಿಯಾರವನ್ನು ಫೋನ್ ನೋಡಿ ಸರಿ ಮಾಡುವುದು ನನ್ನದೇ ಕೆಲಸ. ಸೆಲ್ ಹಳೆಯದಾದರೆ ಮತ್ತೆ ಹಿಂದೆ ಬೀಳುತ್ತದೆ, ಆದ್ದರಿಂದ ನಡುವೆ ಒಮ್ಮೆ ನೋಡುತ್ತೇನೆ.

"ಊಟದ ಟೈಮ್ ಮುಗಿದ ಮೇಲೆ ಬಂದ್ರೆ ತಟ್ಟೆ ಎತ್ತಿಡ್ತೀರಾ?"

ಹೇಳಿದರೆ ಎತ್ತಿಡುತ್ತೇವೆ. ಗೆಳತಿ ಬಂದು ಅಡುಗೆಯಕ್ಕನಿಗೆ ರೂಮ್ ನಂಬರ್ ಹೇಳಿದರೂ ಸಾಕು. ಹೇಳದೇ ಬಂದರೆ ಅನ್ನ, ಸಾರು ಸಿಗಬಹುದು, ಪಲ್ಯ, ರೊಟ್ಟಿ ಸಿಗುತ್ತದೆ ಅನ್ನುವ ಭರವಸೆ ಕೊಡಲಾರೆ.

## ಶೆಡ್ಯೂಲ್ ಮಾಡುವ ವಿಷಯ

"ಎಷ್ಟು ದಿನ ಮುಂಚೆ ಕಳಿಸಬೇಕು? ಯಾವ ಹೊತ್ತಿಗೆ?"

ಓದಿದವಳು ಇನ್ನೂ ಏನಾದರೂ ಮಾಡಲು ಸಾಧ್ಯವಿರುವ ಹೊತ್ತಿಗೆ. ಬೆಳಿಗ್ಗೆ ಐದೂವರೆಗೆ ಕಳಿಸಿದ ನನ್ನ ಹಳೇ ಮೆಸೇಜ್‌ನಲ್ಲಿ ತಾರೀಕು ಸರಿಯಾಗಿದ್ದರೂ ಉಪಯೋಗ ಆಗುತ್ತಿರಲಿಲ್ಲ. ಏಳಕ್ಕೆ ನಾಷ್ಟಾ ಅಂತ ಏಳೂವರೆಗೆ ಎದ್ದು ಓದಿದರೆ ಏನು ಬಂತು? ಅಲಾರಂ ಇಡುವುದು ಹಿಂದಿನ ರಾತ್ರಿ.

ಡಿಸೆಂಬರ್‌ದಕ್ಕೆ ಎರಡು ಸಲ ಕಳಿಸಿದೆ. ಮೊದಲನೆಯದು ನವೆಂಬರ್ 28, ಶುಕ್ರವಾರ ಸಂಜೆ ಐದೂವರೆಗೆ. ನಮ್ಮಲ್ಲಿ ಗದಗ, ಹಾವೇರಿ, ಬಾಗಲಕೋಟೆ ಕಡೆಯವರು ಜಾಸ್ತಿ. ಶನಿವಾರ ಬೆಳಿಗ್ಗೆ ಊರಿಗೆ ಹೊರಡುವವರಿಗೆ ಹೊರಡುವ ಮೊದಲೇ ಗೊತ್ತಾಗಬೇಕು. ಭಾನುವಾರ ಸಂಜೆ ಯಾವ ಬಸ್ಸಿಗೆ ವಾಪಸ್ ಬರುವುದು ಅಂತ ಮನೆಯಲ್ಲಿ ಮಾತಾಡಿಕೊಂಡು ಬರುತ್ತಾರೆ. ಎರಡನೆಯದು ನವೆಂಬರ್ 30, ಭಾನುವಾರ ಸಂಜೆ ಏಳಕ್ಕೆ, ಅದೇ ಮೆಸೇಜ್, ಒಂದಕ್ಷರವೂ ಬದಲಿಲ್ಲ. ಅಲಾರಂ ಇಡಲು ನೆನಪಿಸುವುದಕ್ಕೆ ಅಷ್ಟೇ. ಎರಡನೇ ಸಲ ಮಾತು ಬದಲಿಸಿ ಬರೆದರೆ "ಮತ್ತೆ ಏನೋ ಬದಲಾಯ್ತು" ಅಂತ ಗುಸುಗುಸು ಶುರುವಾಗುತ್ತದೆ.

ಒಂದು ಮಾತು ಸೇರಿಸಬೇಕು. ನಾನು ಮೊದಲು ಹೇಳಿದ ಆ ಉಪ್ಪಿಟ್ಟಿನ ದಿನ ಗೇಟ್ ಸಮಯವೂ ಬದಲಾಗಿತ್ತು. ಆದರೆ ಅದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಸುಮ್ನೆ ಕೆಲವರು ಲೈಬ್ರರಿಯಿಂದ ಏಳೂವರೆಗೇ ಓಡೋಡಿ ಬಂದರು, ಅಷ್ಟೇ. ಯಾಕಂದ್ರೆ ಗೇಟ್ ಸಮಯ ಹೆಚ್ಚಾಗಿತ್ತು. ಪರೀಕ್ಷೆ ಮುಗಿದು ಎಂಟೂವರೆಯಿಂದ ಮತ್ತೆ ಏಳೂವರೆಗೆ ಬರುವಾಗ ಕಥೆಯೇ ಬೇರೆ. ಸಮಯ ಕಡಿಮೆಯಾಗುವಾಗ ಗೊತ್ತಿಲ್ಲದವಳು ಹೊರಗೆ ಉಳಿಯುತ್ತಾಳೆ. ಅದಕ್ಕೆ ಹೆಚ್ಚಿಸುವಾಗ ಎರಡು ದಿನ ಮುಂಚೆ ಹೇಳಿದರೂ ನಡೆಯುತ್ತದೆ, ಕಡಿಮೆ ಮಾಡುವಾಗ ಒಂದು ವಾರ ಬೇಕು. ಟ್ಯೂಷನ್, ಪಾರ್ಟ್‌ಟೈಮ್ ಕೆಲಸ ಇರುವವರು ಅಲ್ಲಿಯೂ ಹೇಳಿ ಹೊಂದಿಸಿಕೊಳ್ಳಬೇಕಲ್ಲ.

"ಮೇಡಂ, ವಾಟ್ಸಾಪ್‌ನಲ್ಲಿ ಶೆಡ್ಯೂಲ್ ಬಟನ್ ಎಲ್ಲಿದೆ? ನನಗೆ ಕಾಣಿಸ್ತಾ ಇಲ್ಲ."

ನನ್ನ ಫೋನಿನ ವಾಟ್ಸಾಪ್‌ನಲ್ಲೂ ಇಲ್ಲ. ಇದನ್ನು ಕೇಳಿದ ವಾರ್ಡನ್‌ಗಳಲ್ಲಿ ಒಬ್ಬರು ಯಾವುದೋ ಆ್ಯಪ್ ಹಾಕಿಕೊಂಡಿದ್ದರು. ಅದು ಫೋನಿನ ಪರದೆಯನ್ನೆಲ್ಲ ಓದುವ ಅನುಮತಿ ಕೇಳುತ್ತದೆ, ಫೋನ್ ಲಾಕ್ ಆಗಿದ್ದರೆ ಕಳಿಸುವುದೂ ಇಲ್ಲ. 180 ಹುಡುಗಿಯರ ನಂಬರ್ ಇರುವ ಫೋನಿಗೆ ಅಂಥದ್ದನ್ನು ನಾನಂತೂ ಹಾಕುವುದಿಲ್ಲ.

ನಾನು ಮಾಡುವುದು ಹೀಗೆ. ಹಾಸ್ಟೆಲ್‌ಗೆ ಒಂದು ಟೆಲಿಗ್ರಾಂ ಗ್ರೂಪ್ ಇದೆ. ಅಲ್ಲಿ ಮೆಸೇಜ್ ಟೈಪ್ ಮಾಡಿ ಕಳಿಸುವ ಬಾಣದ ಗುರುತನ್ನು ಒತ್ತಿ ಹಿಡಿದರೆ `Schedule Message` ಅಂತ ಬರುತ್ತದೆ. ದಿನ, ಹೊತ್ತು ಆರಿಸಿದರೆ ಮುಗಿಯಿತು. ಅದು ಅವರ ಸರ್ವರ್‌ನಿಂದ ಹೋಗುತ್ತದೆ, ಆ ಹೊತ್ತಿಗೆ ನನ್ನ ಫೋನ್ ಚಾರ್ಜ್ ಇಲ್ಲದೆ ಸತ್ತಿದ್ದರೂ ಚಿಂತೆಯಿಲ್ಲ. ಜಿಮೇಲ್‌ನಲ್ಲೂ ಇಷ್ಟೇ ಸುಲಭ, ಕಂಪ್ಯೂಟರಿನಲ್ಲಾದರೆ ಕಳಿಸುವ ಬಟನ್ ಪಕ್ಕದ ಬಾಣ ಒತ್ತಿದರೆ `Schedule send` ಇದೆ, ಅದೂ ಸರ್ವರ್‌ನಿಂದಲೇ ಹೋಗುತ್ತದೆ. ಪ್ರಿನ್ಸಿಪಾಲರ ಆಫೀಸಿಗೆ ಪ್ರತಿ ಕಳಿಸಲು ಅದನ್ನು ಬಳಸುತ್ತೇನೆ.

ಆಂಡ್ರಾಯ್ಡ್ ಫೋನಿನ ಗೂಗಲ್ ಮೆಸೇಜಸ್‌ನಲ್ಲಿ ಕಳಿಸುವ ಬಟನ್ ಒತ್ತಿ ಹಿಡಿದು ಎಸ್‌ಎಂಎಸ್ ಶೆಡ್ಯೂಲ್ ಮಾಡಬಹುದು. ಆದರೆ ಇಲ್ಲೊಂದು ಕೊಕ್ಕೆ ಇದೆ. ಅದು ಹೋಗುವುದು ನಮ್ಮ ಫೋನಿನಿಂದಲೇ. ಆ ಹೊತ್ತಿಗೆ ಫೋನ್ ಆಫ್ ಇದ್ದರೆ, ನೆಟ್‌ವರ್ಕ್ ಇಲ್ಲದಿದ್ದರೆ, ಮೆಸೇಜ್ ಕೂತಲ್ಲೇ ಕೂತಿರುತ್ತದೆ.

ವಾಟ್ಸಾಪ್ ಗ್ರೂಪ್ ಬಿಡಲಾಗುವುದಿಲ್ಲ, ಎಲ್ಲರೂ ಇರುವುದು ಅಲ್ಲೇ. ಅಲ್ಲಿ ಹಾಕಬೇಕಾದ್ದನ್ನು ಫೋನಿನ ನೋಟ್‌ನಲ್ಲಿ ಬರೆದಿಟ್ಟು ಅಲಾರಂ ಇಟ್ಟುಕೊಳ್ಳುತ್ತೇನೆ. ಐದೂವರೆಗೆ ಅಲಾರಂ ಹೊಡೆದರೆ ಕಾಪಿ ಮಾಡಿ ಹಾಕುವುದು. ಹಳೇ ಪದ್ಧತಿ, ಆದರೆ ಕಳಿಸುವ ಮೊದಲು ಮತ್ತೊಮ್ಮೆ ಕಣ್ಣಾಡಿಸುವ ಲಾಭ ಇದರಲ್ಲಿದೆ. ಹಾಕಿದ ಮೇಲೆ ಪಿನ್ ಮಾಡುತ್ತೇನೆ. 24 ಗಂಟೆ, 7 ದಿನ, 30 ದಿನ ಅಂತ ಮೂರು ಆಯ್ಕೆ ಇರುತ್ತವೆ. ನಮ್ಮ ಬದಲಾವಣೆ ಇಪ್ಪತ್ತು ದಿನದ್ದು, ಆದ್ದರಿಂದ 30 ದಿನ. ಆದರೆ 21ನೇ ತಾರೀಕು ಅದನ್ನು ನೆನಪಿಟ್ಟು ತೆಗೆಯಬೇಕು.

"ಸ್ಮಾರ್ಟ್‌ಫೋನ್ ಇಲ್ಲದವರಿಗೆ ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಿದ್ರೆ ಜಾಸ್ತಿ ದುಡ್ಡು ಹೋಗುತ್ತಾ?"

ಹೋಗುತ್ತದೆ, ಅಥವಾ ದಿನದ ಉಚಿತ ಲೆಕ್ಕ ಬೇಗ ಮುಗಿಯುತ್ತದೆ. ಇಂಗ್ಲಿಷ್ ಅಕ್ಷರದ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಯುತ್ತದೆ, ಕನ್ನಡಕ್ಕೆ 70 ಮಾತ್ರ. 70 ದಾಟಿದರೆ ಅದು 67ರ ತುಂಡುಗಳಾಗಿ ಹೋಗುತ್ತದೆ, ಪ್ರತಿ ತುಂಡೂ ಒಂದು ಎಸ್‌ಎಂಎಸ್ ಲೆಕ್ಕ. ಸಾಮಾನ್ಯವಾಗಿ ಪ್ಲಾನ್‌ಗಳಲ್ಲಿ ದಿನಕ್ಕೆ 100 ಎಸ್‌ಎಂಎಸ್ ಇರುತ್ತದೆ. 180 ಜನಕ್ಕೆ ಸ್ವಂತ ಸಿಮ್‌ನಿಂದ ಕಳಿಸುವ ಯೋಚನೆ ಅಲ್ಲಿಗೇ ಬಿಟ್ಟುಬಿಡಿ. ನಮ್ಮಲ್ಲಿ ಕೀಪ್ಯಾಡ್ ಫೋನಿನವರು ಹನ್ನೆರಡು ಮಂದಿ, ಅವರಿಗಷ್ಟೇ ಕಳಿಸುತ್ತೇನೆ.

ಇನ್ನೊಂದು ವಿಷಯ, ಇಲ್ಲಿ ಅಕ್ಷರ ಅಂದರೆ ನಾವು ಶಾಲೆಯಲ್ಲಿ ಎಣಿಸಿದ ಅಕ್ಷರ ಅಲ್ಲ. "ಗೇಟ್" ಅನ್ನುವುದು ನಮಗೆ ಎರಡು, ಫೋನಿಗೆ ನಾಲ್ಕು: ಗ, ಏತ್ವ, ಟ, ಕೊನೆಯ ಅರ್ಧಾಕ್ಷರದ ಗುರುತು. "ನಾಷ್ಟಾ" ಆರು. ನಾನು ಮೊದಲು ಬರೆದದ್ದು ಇದು:

> ಡಿ.1 ಸೋಮದಿಂದ ನಾಷ್ಟಾ 7-8:30, ಊಟ 12:30-2, ರಾತ್ರಿ 8-9:30, ಗೇಟ್ 8:30ಕ್ಕೆ ಬಂದ್

ಎಣಿಸಿದರೆ 73. ಮೂರೇ ಮೂರು ಅಕ್ಷರಕ್ಕೆ ಎರಡು ಎಸ್‌ಎಂಎಸ್. ಮೊದಲು "ಬಂದ್" ತೆಗೆಯೋಣ ಅನ್ನಿಸಿತು, ಆದರೆ "ಗೇಟ್ 8:30ಕ್ಕೆ" ಅಂದರೆ ತೆಗೆಯುವುದೋ ಮುಚ್ಚುವುದೋ? ಅದಕ್ಕೆ "ಡಿ.1 ಸೋಮದಿಂದ" ಅನ್ನುವುದನ್ನು "ಡಿ.1ರಿಂದ" ಮಾಡಿದೆ. 69 ಆಯಿತು. ವಾರ ಬಿಟ್ಟಿದ್ದು ನನ್ನ ನಿಯಮಕ್ಕೆ ವಿರುದ್ಧವೇ, ಏನು ಮಾಡುವುದು, ಹನ್ನೆರಡು ಜನಕ್ಕೆ ಬಾಯಲ್ಲಿ ಹೇಳಿದೆ. ಕೆಲವು ಕೀಬೋರ್ಡ್‌ಗಳು ಅರ್ಧಾಕ್ಷರದ ಪಕ್ಕ ಕಾಣದ ಒಂದು ಗುರುತನ್ನೂ ಸೇರಿಸುತ್ತವೆ, ಅದೂ ಲೆಕ್ಕಕ್ಕೆ ಬರುತ್ತದೆ. ಎಣಿಕೆ ಸರಿಯಿದ್ದೂ ಎರಡು ತುಂಡಾದರೆ ಕಾರಣ ಅದೇ ಇರಬಹುದು.

"ಶೆಡ್ಯೂಲ್ ಮಾಡಿಟ್ಟ ಮೇಲೆ ಟೈಮ್‌ಟೇಬಲ್ ಬದಲಾಯ್ತು. ಈಗ ಏನು ಮಾಡಲಿ?"

ಹೋಗಿಲ್ಲದಿದ್ದರೆ ಬಚಾವ್. ಟೆಲಿಗ್ರಾಂನಲ್ಲಿ ಶೆಡ್ಯೂಲ್ ಆದ ಮೆಸೇಜನ್ನು ಅಲ್ಲೇ ತಿದ್ದಬಹುದು. ಜಿಮೇಲ್‌ನಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ತಿದ್ದಬೇಕೆಂದರೆ `Cancel send` ಒತ್ತಬೇಕು, ಒತ್ತಿದ ಕೂಡಲೇ ಅದು ಡ್ರಾಫ್ಟ್‌ಗೆ ಹೋಗಿ ಕೂರುತ್ತದೆ. ತಿದ್ದಿ ಮುಚ್ಚಿದರೆ ಆಯಿತು ಅಂದುಕೊಂಡರೆ ಕೆಟ್ಟಿತು, ಹೋಗುವುದೇ ಇಲ್ಲ. ಮತ್ತೆ ಮೊದಲಿನಿಂದ ಹೊತ್ತು ಹಾಕಬೇಕು. ನಾನೂ ಒಮ್ಮೆ ಇದರಲ್ಲಿ ಬಿದ್ದೆ. ತಿದ್ದಿದ ಪತ್ರ ಮೂರು ದಿನ ಡ್ರಾಫ್ಟ್‌ನಲ್ಲಿ ತಣ್ಣಗೆ ಮಲಗಿತ್ತು.

ಹೋಗಿಬಿಟ್ಟಿದ್ದರೆ ವಾಟ್ಸಾಪ್‌ನಲ್ಲಿ 15 ನಿಮಿಷದ ಒಳಗೆ ತಿದ್ದಬಹುದು. ಅಷ್ಟರೊಳಗಾದರೂ ನಾನು ತಿದ್ದುವುದು ಕಾಗುಣಿತದ ತಪ್ಪು ಮಾತ್ರ. ಸಮಯವನ್ನು ತಿದ್ದುವುದಿಲ್ಲ. ಮೊದಲು ಓದಿದವಳ ತಲೆಯಲ್ಲಿ ಹಳೆಯದೇ ಇರುತ್ತದೆ, ತಿದ್ದಿದ್ದು ಅವಳಿಗೆ ತಿಳಿಯುವುದೇ ಇಲ್ಲ. ಅಳಿಸಿದರೂ ಅಷ್ಟೇ, ಯಾರೋ ಸ್ಕ್ರೀನ್‌ಶಾಟ್ ತೆಗೆದು ಮನೆಗೆ ಕಳಿಸಿರುತ್ತಾರೆ. ಹೊಸ ಮೆಸೇಜನ್ನೇ ಕಳಿಸಿ. ಮೊದಲ ಸಾಲಿನಲ್ಲೇ "ಶುಕ್ರವಾರ ಸಂಜೆ ಕಳಿಸಿದ್ದನ್ನು ಬಿಡಿ, ಇದು ಸರಿಯಾದದ್ದು" ಅಂತ ಬರೆದು, ಬದಲಾದ ಒಂದನ್ನೇ ಅಲ್ಲ, ನಾಲ್ಕೂ ಸಮಯಗಳನ್ನು ಮತ್ತೆ ಪೂರ್ತಿ ಹಾಕಿ. ಎರಡು ಮೆಸೇಜ್ ಕೂಡಿಸಿ ಅರ್ಥ ಮಾಡಿಕೊಳ್ಳುವ ಕೆಲಸವನ್ನು ಪರೀಕ್ಷೆ ಇರುವವರಿಗೆ ಕೊಡಬಾರದು.

## ಸ್ವಲ್ಪ ಕಷ್ಟದವು

"ಗೇಟ್ ಟೈಮ್ ಜಾಸ್ತಿ ಮಾಡಿ ಅಂದ್ವಿ. ಊಟದ ಟೈಮ್ ಯಾಕೆ ಬದಲಾಯ್ಸಿದ್ರಿ?"

ಎರಡೂ ಒಂದೇ ಹಗ್ಗದ ಎರಡು ತುದಿ. ಲೈಬ್ರರಿಯ ರೀಡಿಂಗ್ ರೂಮ್ ಎಂಟಕ್ಕೆ ಮುಚ್ಚುತ್ತದೆ. ಅಲ್ಲಿಂದ ನಡೆದು ಬರಲು ಇಪ್ಪತ್ತು ನಿಮಿಷ. ಗೇಟ್ ಎಂಟೂವರೆ ಅಂತ ಬಂದದ್ದು ಹೀಗೆ. ಎಂಟೂವರೆಗೆ ಒಳಗೆ ಬಂದವಳು ಕೈಕಾಲು ತೊಳೆದು ಕೆಳಗೆ ಬರುವಾಗ ಎಂಟೂ ಮುಕ್ಕಾಲು. ಹಳೇ ಟೈಮ್ ಆಗಿದ್ದರೆ ಆಗಲೇ ಮೆಸ್ ಮುಚ್ಚಿತು. ಗೇಟ್ ಒಂದು ಗಂಟೆ ಬಿಟ್ಟು, ಊಟ ಹಾಗೇ ಇಟ್ಟರೆ ಓದಲು ಹೋದವಳಿಗೇ ಊಟ ಇಲ್ಲ. ಅದಕ್ಕೆ ಗೇಟ್ ಮುಚ್ಚಿದ ಮೇಲೆ ಕನಿಷ್ಠ ಒಂದು ಗಂಟೆ ಊಟ ಇರಬೇಕು ಅನ್ನುವುದು ನಮ್ಮ ಲೆಕ್ಕ.

ಈಗ ಇನ್ನೊಂದು ತುದಿ ನೋಡಿ. ಊಟ ಒಂಬತ್ತೂವರೆಗೆ ಮುಗಿದರೆ ಪಾತ್ರೆ ತೊಳೆದು ಕಟ್ಟೆ ಒರೆಸುವಾಗ ಹತ್ತೂ ಕಾಲು. ಅಡುಗೆಯವರಲ್ಲಿ ಇಬ್ಬರು ಬಸ್ಸಿನಲ್ಲಿ ಊರಿಗೆ ಹೋಗುವವರು, ಆ ಹೊತ್ತಿಗೆ ಅವರ ಬಸ್ ಇರುವುದಿಲ್ಲ. ಬೆಳಿಗ್ಗೆ ಏಳಕ್ಕೆ ನಾಷ್ಟಾ ಬೇಕೆಂದರೆ ಐದಕ್ಕೆ ಒಲೆ ಹೊತ್ತಬೇಕು. ರಾತ್ರಿ ಹತ್ತೂ ಕಾಲಿಗೆ ಬಿಟ್ಟು ಬೆಳಿಗ್ಗೆ ಐದಕ್ಕೆ ಬಾ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಡಿಸೆಂಬರ್‌ನಲ್ಲಿ ನಾವು ಮಾಡಿದ್ದು ಇಷ್ಟು: ನಸುಕಿನ ಪಾಳಿ ಬಸ್ಸಿನವರಿಗೆ ಬೇಡ ಅಂತ, ಹತ್ತಿರ ಇರುವ ಇಬ್ಬರಿಗೆ ಕೊಟ್ಟು ಅವರನ್ನು ಮಧ್ಯಾಹ್ನದ ಊಟ ಬಡಿಸಿದ ಮೇಲೆ ಬಿಟ್ಟೆವು. ಬಸ್ಸಿನವರು ಹತ್ತಕ್ಕೆ ಬಂದು, ರಾತ್ರಿಯ ಅಡುಗೆ ಪೂರ್ತಿ ಮಾಡಿಟ್ಟು ಏಳೂವರೆಗೆ ಹೊರಟರು. ರಾತ್ರಿ ಬಡಿಸುವುದು, ತೊಳೆಯುವುದು ಹಾಸ್ಟೆಲ್‌ನಲ್ಲೇ ಉಳಿಯುವ ಸಹಾಯಕಿಯರ ಪಾಲಿಗೆ.

ಇದರಿಂದ ರೊಟ್ಟಿಗೆ ಏಟು ಬಿತ್ತು. ಏಳಕ್ಕೆ ಬಡಿದಿಟ್ಟ ಜೋಳದ ರೊಟ್ಟಿ ಒಂಬತ್ತಕ್ಕೆ ಬಿರುಸಾಗಿರುತ್ತದೆ. ಆ ಇಪ್ಪತ್ತು ದಿನ ರಾತ್ರಿ ಚಪಾತಿ ಮಾಡಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟೆವು, ರೊಟ್ಟಿಯನ್ನು ಮಧ್ಯಾಹ್ನಕ್ಕೆ ಸರಿಸಿದೆವು. "ರಾತ್ರಿ ರೊಟ್ಟಿ ಯಾಕಿಲ್ಲ?" ಅಂತ ಕೇಳಿದವರಿಗೆಲ್ಲ ಉತ್ತರ ಇದೇ. ಆದ್ದರಿಂದ ವಾರ್ಡನ್‌ಗಳಿಗೆ ಹೇಳುವುದು, ಮೆಸೇಜ್ ಶೆಡ್ಯೂಲ್ ಮಾಡುವ ಮೊದಲು ಅದನ್ನು ಅಡುಗೆಮನೆಯಲ್ಲಿ ನಿಂತು ಒಮ್ಮೆ ಗಟ್ಟಿಯಾಗಿ ಓದಿ. ಎಲ್ಲಿ ಹುಳುಕಿದೆ ಅಂತ ಅಡುಗೆಯಕ್ಕ ಒಂದೇ ನಿಮಿಷದಲ್ಲಿ ಹೇಳುತ್ತಾರೆ.

"ಹುಡುಗರ ಹಾಸ್ಟೆಲ್ ಗೇಟ್ ಹತ್ತರವರೆಗೆ ಇರುತ್ತೆ. ನಮ್ಮದು ಮಾತ್ರ ಯಾಕೆ ಎಂಟೂವರೆ?"

ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ, ಇದೆ ಅಂತ ನಟಿಸುವುದೂ ಇಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಯುಜಿಸಿಯ 2015ರ ನಿಯಮಾವಳಿ ಇದೆ, ಲೈಂಗಿಕ ಕಿರುಕುಳ ತಡೆಗೆ ಮಾಡಿದ್ದು. ವಿದ್ಯಾರ್ಥಿನಿಯರ ಸುರಕ್ಷತೆಯ ಹೆಸರು ಹೇಳಿ, ಹುಡುಗರಿಗಿಲ್ಲದ ತಾರತಮ್ಯದ ನಿಯಮವನ್ನು ಹುಡುಗಿಯರ ಹಾಸ್ಟೆಲ್‌ಗೆ ಹಾಕಬಾರದು ಅಂತ ಅದರಲ್ಲಿ ನೇರವಾಗಿ ಹೇಳಿದ್ದಾರೆ. ನಮ್ಮಲ್ಲಿ ಗೇಟ್ ಸಮಯ ನಿಗದಿ ಮಾಡುವುದು ಹಾಸ್ಟೆಲ್ ಸಮಿತಿ. ಡಿಸೆಂಬರ್‌ನ ಒಂದು ಗಂಟೆ ಸಿಕ್ಕಿದ್ದೂ ಹುಡುಗಿಯರು ಸಮಿತಿಗೆ ಬರೆದುಕೊಟ್ಟ ಮೇಲೆಯೇ. ಅವರು ಬರೆದದ್ದು ಚೆನ್ನಾಗಿತ್ತು. ರೀಡಿಂಗ್ ರೂಮ್ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ದಾರಿಯಲ್ಲಿ ಯಾವ ಎರಡು ಬೀದಿದೀಪ ಕೆಟ್ಟಿವೆ, ಎಷ್ಟು ಮಂದಿ ಒಟ್ಟಿಗೆ ನಡೆದು ಬರುತ್ತಾರೆ, ಅಷ್ಟೇ ಇತ್ತು. ಸಮಯವೂ ಸಿಕ್ಕಿತು, ಒಂದು ದೀಪವೂ ಹತ್ತಿತು. ಇನ್ನೊಂದು ಇನ್ನೂ ಹತ್ತಿಲ್ಲ.

ಮೆಸೇಜ್‌ನಲ್ಲಿ ಮಾತ್ರ ನಾನು "ನಿಮ್ಮ ಸುರಕ್ಷತೆಗಾಗಿ" ಅಂತ ಬರೆಯುವುದಿಲ್ಲ. ಓದಿದವರಿಗೆ ಅದು ಗದರಿದ ಹಾಗೆ ಕೇಳಿಸುತ್ತದೆ.

"ಅಪ್ಪ ಅಮ್ಮನಿಗೂ ಇದೇ ಮೆಸೇಜ್ ಹೋಗುತ್ತಾ?"

ಹೋಗುತ್ತದೆ, ಆದರೆ ನಿಮಗೆ ಹೋದ ಅರ್ಧ ಗಂಟೆ ನಂತರ. ಮೊದಲು ಒಟ್ಟಿಗೇ ಕಳಿಸುತ್ತಿದ್ದೆ. ಹುಡುಗಿ ಕ್ಲಾಸಿನಲ್ಲಿ ಇರುವಾಗಲೇ ಅಪ್ಪನ ಫೋನ್ ಬರುತ್ತಿತ್ತು, "ಯಾಕವ್ವಾ, ಗೇಟ್ ಎಂಟೂವರೆ ಮಾಡ್ಯಾರಂತ, ಅಷ್ಟೊತ್ತನಕ ಎಲ್ಲಿರ್ತೀ?" ಅಂತ. ಅವಳಿಗೇ ಗೊತ್ತಿಲ್ಲದ ವಿಷಯಕ್ಕೆ ಅವಳೇ ಉತ್ತರ ಕೊಡಬೇಕು. ಪೋಷಕರ ಮೆಸೇಜ್‌ನಲ್ಲಿ ಕಾರಣವನ್ನು ಒಂದು ಸಾಲು ಜಾಸ್ತಿ ಬರೆಯುತ್ತೇನೆ: ರೀಡಿಂಗ್ ರೂಮ್ ಎಂಟರವರೆಗೆ ಇದೆ, ಪರೀಕ್ಷೆ ಮುಗಿಯುವವರೆಗೆ ಮಾತ್ರ. ಫೋನ್‌ಗಳು ಅರ್ಧಕ್ಕರ್ಧ ಕಡಿಮೆಯಾದವು.

"'ನಾನು ಮೆಸೇಜೇ ನೋಡಿಲ್ಲ' ಅಂದ್ರೆ ಏನು ಮಾಡ್ತೀರಿ?"

ನಂಬುತ್ತೇನೆ, ಮೊದಲ ಎರಡು ದಿನ. ವಾಟ್ಸಾಪ್ ಗ್ರೂಪ್‌ನಲ್ಲಿ ನಾವು ಕಳಿಸಿದ ಮೆಸೇಜ್ ಒತ್ತಿ ಹಿಡಿದು ಮಾಹಿತಿ ತೆಗೆದರೆ ಯಾರು ಓದಿದ್ದಾರೆ, ಯಾರಿಗೆ ತಲುಪಿದೆ ಅಂತ ಹೆಸರು ಬರುತ್ತದೆ. ಭಾನುವಾರ ರಾತ್ರಿ ಒಂಬತ್ತಕ್ಕೆ ಅದನ್ನು ನೋಡುತ್ತೇನೆ. ಡಿಸೆಂಬರ್‌ನಲ್ಲಿ ಓದದವರು 23 ಮಂದಿ ಇದ್ದರು. ಅವರ ರೂಮ್ ನಂಬರ್ ಬರೆದು ಪ್ರತಿ ಮಹಡಿಯ ಪ್ರತಿನಿಧಿಗೆ ಕೊಟ್ಟೆ, ಹತ್ತು ನಿಮಿಷದಲ್ಲಿ ಬಾಗಿಲು ತಟ್ಟಿ ಹೇಳಿ ಬಂದರು. ಹೆಸರಿನ ಪಟ್ಟಿಯನ್ನು ಗ್ರೂಪ್‌ನಲ್ಲಿ ಹಾಕುವುದು ಮಾತ್ರ ಬೇಡ, ಅದು ಅವಮಾನ.

ಆಮೇಲೆ ಕಾಗದ. ಎಷ್ಟೇ ಮೆಸೇಜ್ ಕಳಿಸಿದರೂ ಎರಡು ಹಾಳೆ ಅಂಟಿಸುತ್ತೇನೆ, ಒಂದು ಕೈತೊಳೆಯುವ ನಲ್ಲಿಯ ಮೇಲೆ, ಇನ್ನೊಂದು ಗೇಟಿನ ಒಳಬದಿಗೆ. ನೋಟಿಸ್ ಬೋರ್ಡ್ ಮುಂದೆ ಯಾರೂ ನಿಲ್ಲುವುದಿಲ್ಲ, ನಲ್ಲಿಯ ಮುಂದೆ ಎಲ್ಲರೂ ನಿಲ್ಲುತ್ತಾರೆ. ಹೊರಗೆ ಹೋಗುವವಳಿಗೆ ಕಾಣಬೇಕು ಅಂತಲೇ ಗೇಟಿನ ಒಳಬದಿ.

"20ನೇ ತಾರೀಕು ಆದ ಮೇಲೆ ಹಳೇ ಟೈಮ್ ತಾನಾಗೇ ಬರುತ್ತಾ?"

ಮೆಸೇಜ್‌ನಲ್ಲಿ ಹಾಗೇ ಬರೆದಿದೆ, ಆದರೆ ಇಪ್ಪತ್ತು ದಿನದ ಹಿಂದೆ ಓದಿದ್ದು ಯಾರಿಗೆ ನೆನಪಿರುತ್ತದೆ? ಮತ್ತೆ ಇದು ಗೇಟ್ ಸಮಯ ಕಡಿಮೆಯಾಗುವ ಬದಲಾವಣೆ, ತಪ್ಪಿದರೆ ಯಾರೋ ಹೊರಗೆ ಉಳಿಯುವಂಥದ್ದು. ಅದಕ್ಕೆ ಮೊದಲ ಮೆಸೇಜ್ ಶೆಡ್ಯೂಲ್ ಮಾಡುವ ದಿನವೇ ಕೊನೆಯದನ್ನೂ ಶೆಡ್ಯೂಲ್ ಮಾಡಿಬಿಡುತ್ತೇನೆ. ಡಿಸೆಂಬರ್ 13, ಶನಿವಾರ ಒಂದು, ಡಿಸೆಂಬರ್ 20, ಶನಿವಾರ ಸಂಜೆ ಇನ್ನೊಂದು: "ಡಿಸೆಂಬರ್ 21, ಭಾನುವಾರದಿಂದ ಗೇಟ್ ರಾತ್ರಿ 7:30ಕ್ಕೆ ಮುಚ್ಚುತ್ತದೆ, ನಾಷ್ಟಾ 8:00ರಿಂದ." ಪರೀಕ್ಷೆ ನಡುವೆ ಒಂದು ಪೇಪರ್ ಮುಂದೆ ಹೋಗಿ 22ಕ್ಕೆ ಬಂತು ಅಂದಾಗ, ಶೆಡ್ಯೂಲ್ ಆಗಿ ಕೂತಿದ್ದ ಆ ಎರಡನ್ನೂ ಹುಡುಕಿ ತೆಗೆಯುವುದು ಮರೆಯಬೇಡಿ. ನಾನು ನನ್ನ ಗೋಡೆ ಕ್ಯಾಲೆಂಡರ್‌ನಲ್ಲಿ ಆ ದಿನಗಳ ಮೇಲೆ ಪೆನ್ಸಿಲ್‌ನಲ್ಲಿ "ಮೆ" ಅಂತ ಬರೆದಿಡುತ್ತೇನೆ. ಮೆಸೇಜ್ ತೆಗೆದ ದಿನ ಅದನ್ನೂ ಅಳಿಸುತ್ತೇನೆ.